ರಾತ್ರಿ ಮಿಕ್ಕ ಅನ್ನ, ಬೆಳಗಿನ ಚಿತ್ರಾನ್ನ: ಬಿಸಿ ಮಾಡಿದರೆ ಸಾಕೇ?

ಭಾನುವಾರ ರಾತ್ರಿ ಜಾಸ್ತಿ ಅನ್ನ ಮಾಡಿಟ್ಟು, ಸೋಮವಾರ ಬೆಳಿಗ್ಗೆ ಅದನ್ನೇ ಚಿತ್ರಾನ್ನ ಮಾಡೋದು ನಮ್ಮ ಮನೆಯ ಹಳೇ ಲೆಕ್ಕ. ದೇವನಹಳ್ಳಿಯಲ್ಲಿ ಬಾಡಿಗೆ ಮನೆ ಮಾಡಿದ ಮೇಲೂ ನಾನು ಅದನ್ನು ಬಿಟ್ಟಿರಲಿಲ್ಲ. ಬೆಳಿಗ್ಗೆ ಎಂಟಕ್ಕೆ ಕ್ಯಾಬ್ ಬರುತ್ತೆ, ಏಳೂವರೆಗೆ ಒಗ್ಗರಣೆ ಹಾಕಿದರೆ ಹತ್ತು ನಿಮಿಷದಲ್ಲಿ ತಿಂಡಿ ರೆಡಿ. ಕಳೆದ ಏಪ್ರಿಲ್‌ನ ಒಂದು ಸೋಮವಾರವೂ ಹಾಗೇ ಆಯಿತು. ನಾನು ಎರಡು ಸಲ ಹಾಕಿಸಿಕೊಂಡು ತಿಂದೆ. ರೂಮ್‌ಮೇಟ್ ಅವತ್ತು ಯಾಕೋ ಬೇಡ ಅಂತ ಬ್ರೆಡ್ ತಿಂದು ಹೊರಟ.

ಹತ್ತೂವರೆಗೆ ಸ್ಟ್ಯಾಂಡ್-ಅಪ್ ಮೀಟಿಂಗ್ ನಡುವೆ ಹೊಟ್ಟೆ ತೊಳಸಿತು. ಮಧ್ಯಾಹ್ನದೊಳಗೆ ಆರು ಸಲ ವಾಂತಿ. ಭೇದಿ ಇಲ್ಲ, ಜ್ವರ ಇಲ್ಲ, ಬರೀ ವಾಂತಿ. ರಾತ್ರಿ ಅದೇ ಅನ್ನವನ್ನು ಬಿಸಿಬಿಸಿಯಾಗಿ ನಾವಿಬ್ಬರೂ ತಿಂದಿದ್ದೆವು, ಆಗ ಏನೂ ಆಗಿರಲಿಲ್ಲ. ಬೆಳಿಗ್ಗೆ ತಿಂದವನು ನಾನೊಬ್ಬನೇ, ಮಲಗಿದವನೂ ನಾನೊಬ್ಬನೇ. ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ಅನ್ನ ರಾತ್ರಿಯದಾ? ಎಲ್ಲಿಟ್ಟಿದ್ರಿ?" ಕುಕ್ಕರ್‌ನಲ್ಲೇ ಮುಚ್ಚಳ ಮುಚ್ಚಿ ಗ್ಯಾಸ್ ಕಟ್ಟೆ ಮೇಲೆ ಬಿಟ್ಟಿದ್ದೆ ಅಂದೆ. ಅವರು ಸುಮ್ಮನೆ ತಲೆ ಆಡಿಸಿದರು.

ಸಂಜೆ ದೊಡ್ಡಬಳ್ಳಾಪುರದಿಂದ ಅಮ್ಮನ ಫೋನು. "ಸರ್ಯಾಗಿ ಬಿಸಿ ಮಾಡ್ದೆ ತಿಂದಿರ್ತೀಯ ಕಣೋ. ನಾವೇನು ತಂಗಳು ತಿನ್ನದೇ ಬೆಳೆದ್ವಾ?"

ಈ ಮಾತು ನನ್ನ ತಲೆಯಲ್ಲಿ ಉಳಿಯಿತು. ಬಿಸಿ ಮಾಡಿದ್ದರೆ ಸರಿಹೋಗುತ್ತಿತ್ತೇ? ಆಮೇಲೆ ಓದಿ, ಅಳೆದು ನೋಡಿದಾಗ ತಿಳಿದದ್ದು: ಬೇಳೆ ಸಾರಿನ ವಿಷಯದಲ್ಲಿ ಅಮ್ಮನ ಮಾತು ಬಹುಪಾಲು ನಿಜ. ಅನ್ನದ ವಿಷಯದಲ್ಲಿ ಅಲ್ಲ. ಎರಡನ್ನೂ ಒಂದೇ ಅಂದುಕೊಂಡದ್ದೇ ನನ್ನ ತಪ್ಪು.

ಕುದಿಸಿದರೂ ಸಾಯದ ಬೀಜ

ಅಕ್ಕಿಯಲ್ಲಿ ಮಣ್ಣಿನಿಂದಲೇ ಬರುವ ಒಂದು ಬ್ಯಾಕ್ಟೀರಿಯಾ ಇದೆ, ಹೆಸರು ಬ್ಯಾಸಿಲಸ್ ಸೀರಿಯಸ್. ಗದ್ದೆಯಲ್ಲೇ ಇರುವ ಜೀವಿಯಾದ್ದರಿಂದ ಒಳ್ಳೆ ಅಕ್ಕಿ, ಕೆಟ್ಟ ಅಕ್ಕಿ ಎಂಬ ಭೇದ ಅದಕ್ಕಿಲ್ಲ. ಕಷ್ಟಕಾಲದಲ್ಲಿ ಇದು ಗಟ್ಟಿ ಕವಚದ ಬೀಜದ ಹಾಗೆ ಮುದುಡಿಕೊಳ್ಳುತ್ತದೆ. ಈ ರೂಪಕ್ಕೆ ಸ್ಪೋರ್ ಅನ್ನುತ್ತಾರೆ. ಅನ್ನ ಕುದಿಯುವ ಬಿಸಿಗೆ ಬೇರೆ ಬ್ಯಾಕ್ಟೀರಿಯಾಗಳು ಸಾಯುತ್ತವೆ, ಸ್ಪೋರ್‌ಗಳಲ್ಲಿ ಒಂದಷ್ಟು ಉಳಿಯುತ್ತವೆ. ಅನ್ನ ಆರುತ್ತಾ ಬೆಚ್ಚಗಾದಾಗ ಅವು ಮೊಳೆಯುತ್ತವೆ. ಪೈಪೋಟಿಗೆ ಬೇರೆ ಯಾರೂ ಉಳಿದಿಲ್ಲ, ತಿನ್ನಲು ಬೆಂದ ಗಂಜಿ ಇದೆ, ತೇವ ಇದೆ. ಅಲ್ಲಿಂದ ಮುಂದೆ ಬೆಳೆದದ್ದೇ ಬೆಳೆದದ್ದು.

ಹೀಗೆ ಬೆಳೆಯುವಾಗ ಈ ಬ್ಯಾಕ್ಟೀರಿಯಾದ ಕೆಲವು ತಳಿಗಳು ಅನ್ನದೊಳಗೇ ಸೆರಿಯುಲೈಡ್ ಎಂಬ ವಿಷ ಬಿಡುತ್ತವೆ. ನನಗೆ ವಾಂತಿ ಮಾಡಿಸುವುದು ಇಂಥ ವಿಷವೇ. ಇದರ ವಿಶೇಷವೇನೆಂದರೆ ಇದು ಬಿಸಿಗೆ ಬಗ್ಗುವುದಿಲ್ಲ. 121 ಡಿಗ್ರಿಯಲ್ಲಿ ಗಂಟೆಗಿಂತ ಹೆಚ್ಚು ಹೊತ್ತು ಇಟ್ಟರೂ ಅದು ಉಳಿಯುತ್ತದೆ. ಮನೆಯ ಪ್ರೆಷರ್ ಕುಕ್ಕರ್ ಮುಟ್ಟುವುದೇ ಸುಮಾರು 120 ಡಿಗ್ರಿ. ಅಂದರೆ ರಾತ್ರಿಯಿಡೀ ಹೊರಗಿದ್ದ ಅನ್ನವನ್ನು ಬೆಳಿಗ್ಗೆ ಮತ್ತೆ ವಿಷಲ್ ಹಾಕಿಸಿದರೂ ಬ್ಯಾಕ್ಟೀರಿಯಾ ಸಾಯುತ್ತದೆ, ಅದು ಬಿಟ್ಟ ವಿಷ ಹಾಗೇ ಇರುತ್ತದೆ. ನಮ್ಮ ಆಫೀಸ್ ಭಾಷೆಯಲ್ಲಿ ಹೇಳಬೇಕೆಂದರೆ, ಸರ್ವರ್ ರೀಸ್ಟಾರ್ಟ್ ಮಾಡಬಹುದು, ಆದರೆ ಅಷ್ಟರಲ್ಲಿ ಕೆಟ್ಟುಹೋದ ಡೇಟಾ ರೀಸ್ಟಾರ್ಟ್‌ನಿಂದ ಸರಿಹೋಗಲ್ಲ.

ಈ ವಿಷಕ್ಕೆ ವಾಸನೆ ಇಲ್ಲ, ರುಚಿ ಇಲ್ಲ. ಅನ್ನ ಲೋಳೆಯಾಗಿ ಹಳಸಿದ ವಾಸನೆ ಬಂದರೆ ಎಸೆಯಲೇಬೇಕು, ಆದರೆ ವಾಸನೆ ಬಂದಿಲ್ಲ ಅನ್ನುವುದು ತಿನ್ನಲು ಸರ್ಟಿಫಿಕೇಟ್ ಅಲ್ಲ. ಅವತ್ತಿನ ನನ್ನ ಅನ್ನ ಉದುರು ಉದುರಾಗಿ ಚೆನ್ನಾಗೇ ಇತ್ತು. ನೋಡಬೇಕಾದದ್ದು ಗಡಿಯಾರವನ್ನು, ಮೂಸಬೇಕಾದದ್ದು ಅನ್ನವನ್ನಲ್ಲ.

ಚಿತ್ರಾನ್ನಕ್ಕೂ ಫ್ರೈಡ್ ರೈಸ್‌ಗೂ ಒಂದೇ ಕಥೆ

ಈ ವಾಂತಿ ಕಾಯಿಲೆ ವೈದ್ಯರ ಗಮನಕ್ಕೆ ಚೆನ್ನಾಗಿ ಬಂದದ್ದೇ 1970ರ ದಶಕದಲ್ಲಿ, ಬ್ರಿಟನ್ನಿನ ಚೀನೀ ಹೋಟೆಲುಗಳ ಫ್ರೈಡ್ ರೈಸ್‌ನಿಂದ. ಅಲ್ಲಿನ ಅಡುಗೆಯವರು ದೊಡ್ಡ ಪಾತ್ರೆಗಳಲ್ಲಿ ಅನ್ನ ಮಾಡಿ ರಾತ್ರಿಯಿಡೀ ಹೊರಗೇ ಆರಲು ಬಿಡುತ್ತಿದ್ದರು. ಫ್ರಿಜ್‌ನಲ್ಲಿಟ್ಟರೆ ಅನ್ನ ಮುದ್ದೆಗಟ್ಟುತ್ತದೆ, ಹುರಿಯುವಾಗ ಅಗಳು ಬಿಡಿಸಿಕೊಳ್ಳುವುದಿಲ್ಲ ಅನ್ನುವುದು ಅವರ ಕಾರಣ. ಚಿತ್ರಾನ್ನಕ್ಕೆ ಅನ್ನ ಹೊರಗಿಡುವಾಗ ನಾವು ಹೇಳುವುದೂ ಇದನ್ನೇ.

ನಮ್ಮ ಚಿತ್ರಾನ್ನದಲ್ಲಿ ಇನ್ನೊಂದು ತೊಡಕಿದೆ. ಫ್ರೈಡ್ ರೈಸ್ ದೊಡ್ಡ ಉರಿಯಲ್ಲಿ ಒಮ್ಮೆಯಾದರೂ ಕಾಯುತ್ತದೆ. ನಾವು ಬಾಣಲೆಯಲ್ಲಿ ಸಾಸಿವೆ, ಕಡಲೆಬೀಜ, ಹಸಿಮೆಣಸಿನಕಾಯಿ, ಅರಿಶಿನ ಹಾಕಿ, ಸ್ಟವ್ ಆರಿಸಿ, ಆಮೇಲೆ ಅನ್ನ ಕಲಸುತ್ತೇವೆ. ಹಾಗೆ ಕಲಸಿದ ಚಿತ್ರಾನ್ನಕ್ಕೆ ಆಮೇಲೊಂದು ದಿನ ಥರ್ಮಾಮೀಟರ್ ಚುಚ್ಚಿದೆ, 44 ಡಿಗ್ರಿ. ತಿನ್ನಲು ಬೆಚ್ಚಗಿತ್ತು, ಬ್ಯಾಕ್ಟೀರಿಯಾಗೂ ಅಷ್ಟೇ ಹಿತವಾದ ಬೆಚ್ಚಗೆ. ಇನ್ನು ನಿಂಬೆಹಣ್ಣು? ಹುಳಿ ಬ್ಯಾಕ್ಟೀರಿಯಾ ಬೆಳೆಯುವುದನ್ನು ತಡೆಯಬಲ್ಲದು, ನಿಜ. ಆದರೆ ನಾವು ಹಿಂಡುವುದು ಬೆಳಿಗ್ಗೆ. ಅಷ್ಟು ಹೊತ್ತಿಗೆ ರಾತ್ರಿಯ ಕೆಲಸ ಮುಗಿದಿರುತ್ತದೆ.

ಹೆಚ್ಚಿನವರಿಗೆ ಇದು ಒಂದು ದಿನದ ವಾಂತಿಯಲ್ಲಿ ಮುಗಿಯುತ್ತದೆ. ಅಪರೂಪಕ್ಕೆ ಮುಗಿಯುವುದಿಲ್ಲ. 2008ರ ಅಕ್ಟೋಬರ್‌ನಲ್ಲಿ ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿ 20 ವರ್ಷದ ವಿದ್ಯಾರ್ಥಿಯೊಬ್ಬ ಐದು ದಿನ ಅಡುಗೆಮನೆಯಲ್ಲಿ ಹೊರಗೇ ಇದ್ದ ಸ್ಪಾಗೆಟಿಯನ್ನು ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿ ತಿಂದ. ಅರ್ಧ ಗಂಟೆಯಲ್ಲಿ ಹೊಟ್ಟೆನೋವು, ಆಮೇಲೆ ವಾಂತಿ. ಮಲಗಿದವನು ಬೆಳಿಗ್ಗೆ ಏಳಲಿಲ್ಲ. ಸೆರಿಯುಲೈಡ್ ಅವನ ಲಿವರ್ ಅನ್ನೇ ಕೆಡಿಸಿತ್ತು. ಐದು ದಿನ ನಾವ್ಯಾರೂ ಇಡಲ್ಲ, ಆದರೆ ಬಿಸಿ ಮಾಡುವುದು ಅವನನ್ನು ಉಳಿಸಲಿಲ್ಲ ಅನ್ನುವುದು ನೆನಪಿರಲಿ.

ಕುಕ್ಕರ್ ಎಷ್ಟು ಹೊತ್ತು ಬೆಚ್ಚಗಿರುತ್ತೆ?

ಚೇತರಿಸಿಕೊಂಡ ಮೇಲೆ ಕೆಲವು ನೂರು ರೂಪಾಯಿಗೆ, ಚುಚ್ಚಿ ನೋಡುವ ಅಡುಗೆ ಥರ್ಮಾಮೀಟರ್ ತರಿಸಿದೆ. ಒಂದು ಭಾನುವಾರ ಮೊದಲಿನ ಹಾಗೇ ಎರಡು ಪಾವು ಅಕ್ಕಿ ಕುಕ್ಕರ್‌ಗೆ ಹಾಕಿ, ರಾತ್ರಿ ಎಂಟೂವರೆಗೆ ಸ್ಟವ್ ಆರಿಸಿದೆ. ಆವಿ ಇಳಿದ ಮೇಲೆ ನಡುವೆ ಚುಚ್ಚಿ ಆಗಾಗ ನೋಡುತ್ತಾ ಕೂತೆ. ಕೋಣೆಯಲ್ಲಿ 27 ಡಿಗ್ರಿ ಇತ್ತು.

ಹತ್ತೂವರೆಗೆ, ಅಂದರೆ ಎರಡು ಗಂಟೆ ಕಳೆದ ಮೇಲೆ, ನಡುವಿನ ಅನ್ನ 46 ಡಿಗ್ರಿ. ಮಧ್ಯರಾತ್ರಿ ಹನ್ನೆರಡೂವರೆಗೆ 34. ಬೆಳಿಗ್ಗೆ ಏಳಕ್ಕೆ 27. ಆಹಾರ ಸುರಕ್ಷತೆಯವರು 5 ಡಿಗ್ರಿಯಿಂದ 60 ಡಿಗ್ರಿವರೆಗಿನ ಪಟ್ಟಿಯನ್ನು ಅಪಾಯದ ವಲಯ ಅನ್ನುತ್ತಾರೆ, ಅದರಲ್ಲೂ 30ರಿಂದ 40 ಡಿಗ್ರಿ ಸೀರಿಯಸ್‌ಗೆ ಹಬ್ಬ. ನನ್ನ ಕುಕ್ಕರ್‌ನ ಅನ್ನ ಬೆಳಗಾಗುವವರೆಗೆ ಈ ವಲಯ ಬಿಟ್ಟು ಆಚೆ ಬರಲೇ ಇಲ್ಲ. ಬೆಚ್ಚಗಿಡುವ ಹಾಟ್‌ಬಾಕ್ಸ್ ಆದರೆ ಇನ್ನೂ ನಿಧಾನ. ಅದು ಊಟದ ಹೊತ್ತಿಗೆ ಸರಿ, ರಾತ್ರಿ ಕಾಪಾಡಲು ಅಲ್ಲ.

ಮುಂದಿನ ವಾರ ಅಷ್ಟೇ ಅನ್ನವನ್ನು ಊಟಕ್ಕೆ ಕೂರುವ ಮೊದಲೇ ಎರಡು ಅಗಲವಾದ ತಟ್ಟೆಗಳಲ್ಲಿ ಒಂದು ಬೆರಳು ದಪ್ಪಕ್ಕೆ ಹರಡಿ ಫ್ಯಾನ್ ಕೆಳಗಿಟ್ಟೆ. ನಾವು ಊಟ ಮುಗಿಸುವಷ್ಟರಲ್ಲಿ, ಅಂದರೆ 25 ನಿಮಿಷದಲ್ಲಿ, ಅದು 35 ಡಿಗ್ರಿಗೆ ಇಳಿದಿತ್ತು. ಎರಡು ಚಪ್ಪಟೆ ಡಬ್ಬಿಗೆ ತುಂಬಿ ಫ್ರಿಜ್‌ಗಿಟ್ಟೆ. ಹರಡಿ ಆರಿಸಿದ್ದರಿಂದ ಹೆಚ್ಚಿನ ಆವಿ ಹೋಗಿ ಬೆಳಿಗ್ಗೆ ಅಗಳು ಉದುರಾಗೇ ಇದ್ದವು. ಅನ್ನ ಉದುರಾಗಿರಲು ಬೇಕಾದದ್ದು ಹರಡುವುದು, ರಾತ್ರಿಯಿಡೀ ಹೊರಗಿಡುವುದಲ್ಲ.

ಬಿಸಿ ಇದ್ದಾಗ ಇಟ್ಟರೆ ಫ್ರಿಜ್ ಹಾಳಾಗುತ್ತೆ ಅಂತ ಎಲ್ಲರೂ ಹೇಳುತ್ತಾರೆ. ಇಡೀ ಕುಕ್ಕರ್ ಬಿಸಿಬಿಸಿಯಾಗಿ ಇಟ್ಟರೆ ಪಕ್ಕದ ಹಾಲು, ಮೊಸರಿಗೂ ಬಿಸಿ ತಟ್ಟುವುದು ನಿಜ. ಆದರೆ ಪೂರ್ತಿ ತಣ್ಣಗಾಗಲಿ ಅಂತ ಕಾದು ಮಲಗಿಬಿಡುವುದು ಅದಕ್ಕಿಂತ ಕೆಟ್ಟದ್ದು. ಮುಟ್ಟಿದರೆ ಉಗುರುಬೆಚ್ಚಗಿದ್ದು, ಚಿಕ್ಕ ಡಬ್ಬಿಯಲ್ಲಿದ್ದರೆ ಧಾರಾಳವಾಗಿ ಇಡಬಹುದು.

ಬ್ರಿಟನ್ನಿನ ಆಹಾರ ಇಲಾಖೆ ಅನ್ನಕ್ಕೆ ಹೇಳುವ ಮಿತಿ ಸರಳ: ಒಂದು ಗಂಟೆಯೊಳಗೆ ಆರಿಸಿ ಫ್ರಿಜ್‌ಗೆ, ಫ್ರಿಜ್‌ನಲ್ಲಿ 24 ಗಂಟೆ, ಬಿಸಿ ಮಾಡುವುದು ಒಂದೇ ಸಲ. ವಿಶ್ವ ಆರೋಗ್ಯ ಸಂಸ್ಥೆ ಬೇಯಿಸಿದ ಯಾವುದೇ ಆಹಾರಕ್ಕೆ ಹೊರಗಿನ ಮಿತಿಯನ್ನು ಎರಡು ಗಂಟೆ ಅನ್ನುತ್ತದೆ. ನಾನು ಅನ್ನಕ್ಕೆ ಒಂದು ಗಂಟೆ ಇಟ್ಟುಕೊಂಡಿದ್ದೇನೆ. ನಮ್ಮ ಬೇಸಿಗೆಗೆ ಅದೇ ಸರಿ.

ಸಾರಿನ ಲೆಕ್ಕ ಬೇರೆ

ಅಮ್ಮನ ಬಸ್ಸಾರು ಎರಡನೇ ದಿನಕ್ಕೇ ರುಚಿ. ಫ್ರಿಜ್ ಇಲ್ಲದ ಕಾಲದಲ್ಲಿ ರಾತ್ರಿ ಒಮ್ಮೆ, ಬೆಳಿಗ್ಗೆ ಒಮ್ಮೆ ಮರಳಿಸಿ ಇಡುತ್ತಿದ್ದರು. ಅದು ಬಹುಪಾಲು ನಡೆಯುತ್ತಿದ್ದದ್ದಕ್ಕೂ ಕಾರಣ ಇದೆ.

ಬೇಳೆ ಸಾರು, ಹುಳಿಯಂಥ ಗಟ್ಟಿ ಪದಾರ್ಥ ದೊಡ್ಡ ತಪ್ಪಲೆಯಲ್ಲಿ ನಿಧಾನವಾಗಿ ಆರುವಾಗ ಕಾಟ ಕೊಡುವುದು ಮುಖ್ಯವಾಗಿ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾ. ಇದಕ್ಕೂ ಸ್ಪೋರ್ ಇದೆ, ಇದೂ ಕುದಿಗೆ ಉಳಿಯುತ್ತದೆ. 43–45 ಡಿಗ್ರಿ ಬಿಸಿಯಲ್ಲಿ ಸುಮಾರು ಹತ್ತು ನಿಮಿಷಕ್ಕೊಮ್ಮೆ ಇದು ಎರಡರಷ್ಟಾಗಬಲ್ಲದು. ಹಾಗೆ ಮೂರು ಗಂಟೆ ನಡೆದರೆ ಒಂದು ಇದ್ದದ್ದು ಎರಡೂವರೆ ಲಕ್ಷ ದಾಟುತ್ತದೆ. ಆದರೆ ಇದು ವಿಷ ಬಿಡುವುದು ಸಾಮಾನ್ಯವಾಗಿ ಪಾತ್ರೆಯಲ್ಲಲ್ಲ, ಜೀವಂತವಾಗಿ ನಮ್ಮ ಕರುಳಿಗೆ ಹೋದ ಮೇಲೆ. ಹಾಗಾಗಿ ತಿನ್ನುವ ಮೊದಲು ಚೆನ್ನಾಗಿ ಮರಳಿಸಿದರೆ ಬೆಳೆದದ್ದು ಅಲ್ಲೇ ಸಾಯುತ್ತದೆ. ಅಮ್ಮನ ಮರಳಿಸುವಿಕೆ ಮಾಡುತ್ತಿದ್ದದ್ದು ಇದನ್ನೇ.

ಆದರೂ ರಾತ್ರಿಯಿಡೀ ಹೊರಗಿಟ್ಟ ಸಾರನ್ನು ಕುದಿಸಿ ತಿನ್ನಿ ಅಂತ ನಾನು ಹೇಳಲ್ಲ. ಸ್ಪೋರ್ ಪ್ರತಿ ಸಲವೂ ಉಳಿದು ಓಟ ಮತ್ತೆ ಶುರುವಾಗುತ್ತದೆ, ಸಾರಿನಲ್ಲಿ ಸೀರಿಯಸ್ ಕೂಡ ಬೆಳೆಯಬಹುದು. ಇನ್ನು ನಮ್ಮ ಪೀಳಿಗೆಯವರು ಬಿಸಿ ಮಾಡುವ ರೀತಿ ಅಮ್ಮನದ್ದಲ್ಲ. ಒಂದು ನಿಮಿಷ ಮೈಕ್ರೋವೇವ್ ತಿರುಗಿಸಿ, "ಸಾಕು, ತಿನ್ನೋಷ್ಟು ಬಿಸಿ ಇದೆ" ಅನ್ನುತ್ತೇವೆ. ತಿನ್ನುವಷ್ಟು ಬಿಸಿ ಅಂದರೆ ಸುಮಾರು 50 ಡಿಗ್ರಿ. ಬ್ಯಾಕ್ಟೀರಿಯಾ ಸಾಯಲು ನಡುಭಾಗವೂ 75 ಡಿಗ್ರಿ ಮುಟ್ಟಬೇಕು.

ಗಟ್ಟಿ ಬೇಳೆಯಲ್ಲಿ ಕಣ್ಣಿಗೂ ಮೋಸವಾಗುತ್ತದೆ. ಫ್ರಿಜ್‌ನಿಂದ ತೆಗೆದ ಬೇಳೆ ಗಡ್ಡೆ ಕಟ್ಟಿರುತ್ತದೆ, ಸ್ಟವ್ ಮೇಲಿಟ್ಟರೆ ತಳ ಮತ್ತು ಅಂಚಿನಲ್ಲಿ ಬೇಗ ಗುಳ್ಳೆ ಬರುತ್ತದೆ. ನಾನು ಅಂಥ "ಕುದಿ"ಯ ನಡುವೆ ಚುಚ್ಚಿದಾಗ ಕಂಡದ್ದು 48 ಡಿಗ್ರಿ. ಅರ್ಧ ಲೋಟ ನೀರು ಹಾಕಿ, ಗಡ್ಡೆ ಒಡೆದು, ಸೌಟಿನಿಂದ ತಿರುಗಿಸುತ್ತಾ, ಇಡೀ ಪಾತ್ರೆ ಮರಳಿದ ಮೇಲೆ ಇನ್ನೊಂದೆರಡು ನಿಮಿಷ ಬಿಡಬೇಕು. ಎಷ್ಟು ಬೇಕೋ ಅಷ್ಟನ್ನೇ ತೆಗೆದು ಬಿಸಿ ಮಾಡಿ. ಮರಳಿಸಿದ್ದು ಮಿಕ್ಕರೆ ಮತ್ತೆ ಫ್ರಿಜ್‌ಗಿಲ್ಲ.

ಆರಿಸುವುದಕ್ಕೆ ಸಾರನ್ನು ತಟ್ಟೆಯಲ್ಲಿ ಹರಡಲಾಗದು. ಸಿಂಕ್‌ಗೆ ಅಥವಾ ದೊಡ್ಡ ಬೇಸಿನ್‌ಗೆ ತಣ್ಣೀರು ತುಂಬಿ ಅದರಲ್ಲಿ ತಪ್ಪಲೆ ಕೂರಿಸಿ, ಆಗಾಗ ಸೌಟಾಡಿಸಿ. ನೀರು ಬೆಚ್ಚಗಾದಾಗ ಒಮ್ಮೆ ಬದಲಿಸಿದರೆ ಎರಡು ಲೀಟರ್ ಸಾರು ಇಪ್ಪತ್ತು ನಿಮಿಷದಲ್ಲಿ ಉಗುರುಬೆಚ್ಚಗಾಗುತ್ತದೆ. ಆಮೇಲೆ ಚಿಕ್ಕ ಡಬ್ಬಿಗಳಿಗೆ ಹಂಚಿ ಫ್ರಿಜ್‌ಗಿಡಿ. ಹೀಗೆ ಇಟ್ಟ ಬೇಳೆ ಸಾರಿಗೆ ಮೂರು ದಿನ. ತೆಂಗಿನಕಾಯಿ ರುಬ್ಬಿ ಹಾಕಿದ್ದರೆ ನಾನು ಎರಡೇ ದಿನ ಇಡುತ್ತೇನೆ.

ಫ್ರಿಜ್ ನಿಜವಾಗಿ ತಣ್ಣಗಿದೆಯೇ?

ಈ ಮಿತಿಗಳೆಲ್ಲ ನಿಂತಿರುವುದು ಫ್ರಿಜ್ 5 ಡಿಗ್ರಿಯೊಳಗಿದೆ ಅನ್ನುವುದರ ಮೇಲೆ. ಪರೀಕ್ಷೆ ಸುಲಭ. ಮಧ್ಯದ ಶೆಲ್ಫ್‌ನಲ್ಲಿ ಒಂದು ಲೋಟ ನೀರಿಟ್ಟು ಮಾರನೇ ಬೆಳಿಗ್ಗೆ, ಬಾಗಿಲು ತೆಗೆದ ತಕ್ಷಣ ಅಳೆಯಿರಿ. ನಮ್ಮದು 9 ಡಿಗ್ರಿ ತೋರಿಸಿತು! ಡಯಲ್ ಎರಡರಲ್ಲಿತ್ತು, ನಾಲ್ಕಕ್ಕೆ ತಿರುಗಿಸಿದ ಮೇಲೆ 4ಕ್ಕೆ ಬಂತು. ಹೆಚ್ಚಿನ ಫ್ರಿಜ್‌ಗಳಲ್ಲಿ ದೊಡ್ಡ ಸಂಖ್ಯೆ ಅಂದರೆ ಹೆಚ್ಚು ತಂಪು. ಡಬ್ಬಿಗಳನ್ನು ಬಾಗಿಲಿನಲ್ಲಿ ಇಡಬೇಡಿ, ತೆಗೆದಾಗಲೆಲ್ಲ ಬೆಚ್ಚಗಾಗುವುದು ಅಲ್ಲೇ.

ಕರೆಂಟು ಹೋದರೆ ಬಾಗಿಲು ತೆಗೆಯದ ಫ್ರಿಜ್ ಸುಮಾರು ನಾಲ್ಕು ಗಂಟೆ ತಂಪು ಹಿಡಿದಿಡುತ್ತದೆ. ನಮ್ಮ ಕಡೆ ಮಳೆಗಾಲದ ಮೊದಲ ಗಾಳಿಗೆ ರಾತ್ರಿ ಹೋದ ಕರೆಂಟು ಬೆಳಿಗ್ಗೆ ಬಂದದ್ದೂ ಇದೆ. ಅಂಥ ದಿನ ಅನ್ನದ ಡಬ್ಬಿ ಯೋಚನೆಯಿಲ್ಲದೆ ಕಸಕ್ಕೆ.

ಹಾಗಾದರೆ ತಂಗಳನ್ನ?

ಅಮ್ಮನ ಪ್ರಶ್ನೆಗೆ ಉತ್ತರ ಕೊಡಲೇಬೇಕಿತ್ತು. ಅವರ ಕಾಲದಲ್ಲಿ ನಮ್ಮ ಕಡೆ ದಿನದ ಊಟ ರಾಗಿ ಮುದ್ದೆ, ಅನ್ನ ಮಾಡುತ್ತಿದ್ದದ್ದೇ ಕಡಿಮೆ. ಮಿಕ್ಕ ಅನ್ನಕ್ಕೆ ನೀರು ಹುಯ್ದು, ಮಜ್ಜಿಗೆ ಬೆರೆಸಿ ಇಡುತ್ತಿದ್ದರು. ಮಜ್ಜಿಗೆಯ ಬ್ಯಾಕ್ಟೀರಿಯಾ ರಾತ್ರಿಯಿಂದಲೇ ಹುಳಿ ಮಾಡುತ್ತಾ ಸೀರಿಯಸ್‌ಗೆ ಜಾಗ ಬಿಡುವುದಿಲ್ಲ. ನಾನು ಇಟ್ಟದ್ದು ಹುಳಿಯೂ ಇಲ್ಲದ, ಜೊತೆಗಾರರೂ ಇಲ್ಲದ ಬೆಚ್ಚನೆ ಅನ್ನ. ಎರಡನ್ನೂ "ತಂಗಳು" ಅಂತ ಕರೆದರೂ ಅವು ಒಂದೇ ಅಲ್ಲ. ಇದನ್ನು ಹೇಳಿದಾಗ ಅಮ್ಮ ಅಂದದ್ದು ಇಷ್ಟು: "ಅದಕ್ಕೇ ಅಲ್ವೇನೋ ನಾವು ಮಜ್ಜಿಗೆ ಹಾಕ್ತಿದ್ದಿದ್ದು."

ಈಗಲೂ ನಮ್ಮ ಮನೆಯಲ್ಲಿ ಸೋಮವಾರ ಚಿತ್ರಾನ್ನವೇ. ರಾತ್ರಿ ಎಂಟೂವರೆಗೆ ಅನ್ನ ಆದರೆ ಒಂಬತ್ತೂವರೆಯೊಳಗೆ ಫ್ರಿಜ್‌ನಲ್ಲಿರುತ್ತದೆ. ಡಬ್ಬಿ ಮೇಲೆ ಟೇಪ್ ಅಂಟಿಸಿ "ಭಾನು ರಾತ್ರಿ 9" ಅಂತ ಬರೆಯುತ್ತೇನೆ. ಬೆಳಿಗ್ಗೆ ಅನ್ನಕ್ಕೆ ಎರಡು ಚಮಚ ನೀರು ಚಿಮುಕಿಸಿ, ಮುಚ್ಚಿ, ಮೈಕ್ರೋವೇವ್‌ನಲ್ಲಿ ನಡುವೆ ಒಮ್ಮೆ ಕಲಕಿ, ಎಲ್ಲ ಕಡೆ ಹಬೆ ಏಳುವವರೆಗೆ ಕಾಯಿಸಿ, ಒಂದು ನಿಮಿಷ ಹಾಗೇ ಬಿಟ್ಟು ಆಮೇಲೆ ಒಗ್ಗರಣೆಗೆ. ಮೈಕ್ರೋವೇವ್ ಇಲ್ಲದಿದ್ದರೆ ಇಡ್ಲಿ ಪಾತ್ರೆಯ ಹಬೆಯಲ್ಲಿ ಹತ್ತು ನಿಮಿಷ ಇಡಬಹುದು. ಸೋಮವಾರ ರಾತ್ರಿ ಒಂಬತ್ತು ದಾಟಿಯೂ ಡಬ್ಬಿಯಲ್ಲಿ ಅನ್ನ ಉಳಿದಿದ್ದರೆ ಎಸೆಯುತ್ತೇನೆ. ಮನಸ್ಸಿಗೆ ಕಷ್ಟ ಆಗುತ್ತೆ, ಅದಕ್ಕೇ ಈಗ ಎರಡು ಪಾವಿನ ಬದಲು ಒಂದೂವರೆ ಪಾವು ಅಕ್ಕಿ ಹಾಕುತ್ತೇನೆ.

ಕೊನೆಗೆ ಒಂದು ಮಾತು. ತಿಂದ ಅರ್ಧ ಗಂಟೆಯಿಂದ ಆರು ಗಂಟೆಯೊಳಗೆ ವಾಂತಿ ಬಂದರೆ ಅನ್ನದ ಮೇಲೆ ಅನುಮಾನ. ಎಂಟು, ಹತ್ತು ಗಂಟೆ ಬಿಟ್ಟು ಹೊಟ್ಟೆ ಮುರಿದು ಭೇದಿಯಾದರೆ ಸಾರಿನ ಮೇಲೆ. ಎರಡಕ್ಕೂ ಓಆರ್‌ಎಸ್ ಗುಟುಕು ಗುಟುಕಾಗಿ ಕುಡಿಯಿರಿ. ನೀರೂ ನಿಲ್ಲದ ವಾಂತಿ, ಮೂತ್ರ ಕಡಿಮೆಯಾಗುವುದು, ಮಂಪರು, ಕಣ್ಣು ಹಳದಿಯಾಗುವುದು ಕಂಡರೆ, ಅಥವಾ ಕಾಯಿಲೆ ಬಿದ್ದದ್ದು ಪುಟ್ಟ ಮಗು, ಗರ್ಭಿಣಿ, ವಯಸ್ಸಾದವರಾದರೆ ಕಾಯದೆ ಆಸ್ಪತ್ರೆಗೆ ಹೋಗಿ. ಹೋದಾಗ ಏನು ತಿಂದಿರಿ ಅನ್ನುವುದರ ಜೊತೆಗೆ ಅದು ಎಷ್ಟು ಹೊತ್ತು ಹೊರಗಿತ್ತು ಅನ್ನುವುದನ್ನೂ ಹೇಳಿ. ಡಾಕ್ಟರು ಮೊದಲು ಕೇಳುವುದು ಅದನ್ನೇ.